ಹೆಸರಿಲ್ಲದ್ದಕ್ಕೊಂದು ಗುರುತು: ಸ್ಪ್ಯಾನಿಷಿನ ನಪುಂಸಕ 'ಲೊ'

ಬಟ್ಟೆ ಅಂಗಡಿಯಲ್ಲಿ ನಾಲ್ಕು ಅಂಗಿ ಹರವಿಟ್ಟರೆ ನಾವು "ಆ ಕೆಂಪಗಿರೋದು ತೋರಿಸಿ" ಎನ್ನುತ್ತೇವೆ. ಮನೆಗೆ ಬಂದ ಮೇಲೆ "ಆ ಅಂಗಡಿಯಲ್ಲಿ ಒಳ್ಳೆಯದು ಅಂದರೆ ಚೌಕಾಸಿ ಮಾಡಬೇಕಾಗಿಲ್ಲ" ಎನ್ನುತ್ತೇವೆ. 'ಕೆಂಪಗಿರೋದು', 'ಒಳ್ಳೆಯದು' ಎರಡರ ಕೊನೆಯಲ್ಲೂ ಇರುವುದು ಅದೇ 'ದು'. ನಮ್ಮ ಕಿವಿಗೆ ಇವೆರಡರ ನಡುವೆ ವ್ಯತ್ಯಾಸವೇ ಕೇಳಿಸುವುದಿಲ್ಲ. ಸ್ಪ್ಯಾನಿಷ್ ಕಿವಿಗೆ ಇವು ಬೇರೆ ಬೇರೆ ಜಾತಿಯ ಮಾತುಗಳು. ಮೊದಲನೆಯದಕ್ಕೆ 'ಲಾ ರೋಹಾ', ಎರಡನೆಯದಕ್ಕೆ 'ಲೊ ಬ್ವೆನೊ'. ಸ್ಪ್ಯಾನಿಷಿನಲ್ಲಿ ಬಹಳ ದೂರ ಸಾಗಿದ ಕನ್ನಡಿಗರೂ ಅಂಗಡಿಯಲ್ಲಿ 'ಲೊ ರೋಹೊ' ಎಂದುಬಿಡುತ್ತಾರೆ. ಕಾರಣ ಈ 'ದು'. ನಪುಂಸಕ 'ಲೊ'ವನ್ನು ಅರ್ಥಮಾಡಿಕೊಳ್ಳಲು ಕನ್ನಡ ನಮಗೆ ಅರ್ಧ ದಾರಿ ಕೈಹಿಡಿದು ನಡೆಸುತ್ತದೆ. ಉಳಿದ ಅರ್ಧ ದಾರಿಯಲ್ಲಿ ಅದೇ ಕನ್ನಡ ದಿಕ್ಕು ತಪ್ಪಿಸುತ್ತದೆ. ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಗುರುತಿಸುವುದೇ ಈ ಲೇಖನದ ಕೆಲಸ.

ಇಲ್ಲಿ ಸ್ಪ್ಯಾನಿಷ್ ಮಾತುಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡದಲ್ಲೇ ಬರೆದಿದ್ದೇನೆ. ಚರ್ಚೆಗೆ ಒಂದು ಪುಟ್ಟ ತುಣುಕು ಇಟ್ಟುಕೊಳ್ಳೋಣ. ಮನೆ ಬದಲಿಸಿದ ಹೆಣ್ಣುಮಗಳೊಬ್ಬಳು ಗೆಳತಿಗೆ ಹೇಳುತ್ತಿದ್ದಾಳೆ:

"ಲೊ ದೆ ಲಾ ಮುದಾನ್ಸಾ ಫ್ವೆ ಓರ್ರಿಬ್ಲೆ. ಲೊ ಪೆಓರ್ ನೊ ಫ್ವೆ ಎಲ್ ಕಾಲೋರ್, ಸಿನೊ ಲೊ ಪೆಸಾದಾಸ್ ಕೆ ಎರಾನ್ ಲಾಸ್ ಕಾಹಾಸ್. ಮಿ ಎರ್ಮಾನೊ ನೊ ಬಿನೊ, ಲೊ ಕ್ವಾಲ್ ಮೆ ದೊಲಿಯೋ. ಲೊ ಕೆ ಪಾಸಾ ಎಸ್ ಕೆ ಆ ಲೊ ಮೆಹೋರ್ ಸೆ ಲೆ ಒಲ್ಬಿದೋ."

ಕನ್ನಡದಲ್ಲಿ: "ಮನೆ ಬದಲಿಸಿದ್ದಂತೂ ಸಾಕಾಗಿಹೋಯಿತು. ಸೆಖೆಗಿಂತ ಕಷ್ಟವಾದದ್ದು ಆ ಪೆಟ್ಟಿಗೆಗಳು ಎಷ್ಟು ಭಾರ ಇದ್ದವು ಅನ್ನೋದು. ನನ್ನ ಅಣ್ಣ ಬರಲಿಲ್ಲ, ಅದು ಮನಸ್ಸಿಗೆ ನೋವಾಯಿತು. ಏನಂದ್ರೆ, ಅವನಿಗೆ ಮರೆತೇ ಹೋಯಿತೋ ಏನೋ." ನಾಲ್ಕೇ ವಾಕ್ಯಗಳಲ್ಲಿ ಆರು 'ಲೊ' ಬಂದಿವೆ. ಒಂದೊಂದನ್ನೇ ಬಿಡಿಸೋಣ.

ನಪುಂಸಕ, ಆದರೆ ನಮ್ಮ ನಪುಂಸಕವಲ್ಲ

ಲ್ಯಾಟಿನ್ ಭಾಷೆಯಲ್ಲಿ ನಾಮಪದಗಳಿಗೆ ಮೂರು ಲಿಂಗಗಳಿದ್ದವು. 'ಆ' ಎಂಬ ಅರ್ಥದ ಪದಕ್ಕೂ 'ಇಲ್ಲೆ', 'ಇಲ್ಲಾ', 'ಇಲ್ಲುದ್' ಎಂಬ ಮೂರು ರೂಪಗಳಿದ್ದವು. ಲ್ಯಾಟಿನ್ ಸ್ಪ್ಯಾನಿಷ್ ಆಗುವ ಹಾದಿಯಲ್ಲಿ ನಪುಂಸಕ ನಾಮಪದಗಳೆಲ್ಲ ಉಳಿದೆರಡು ಲಿಂಗಗಳಿಗೆ ಹಂಚಿಹೋದವು. ದೇವಾಲಯ ಎಂಬರ್ಥದ ನಪುಂಸಕ 'ತೆಂಪ್ಲುಮ್' ಪುಲ್ಲಿಂಗದ 'ತೆಂಪ್ಲೊ' ಆಯಿತು. ಎಲೆಗಳು ಎಂಬ ಬಹುವಚನ 'ಫೋಲಿಯಾ' ಸ್ತ್ರೀಲಿಂಗದ 'ಓಹಾ' ಆಯಿತು. ಹೀಗೆ ನಪುಂಸಕ ನಾಮಪದ ಒಂದೂ ಉಳಿಯಲಿಲ್ಲ. ನಪುಂಸಕ ಸರ್ವನಾಮಗಳು ಮಾತ್ರ ಉಳಿದುಕೊಂಡವು: 'ಎಸ್ತೊ', 'ಎಸೊ', 'ಆಕೆಯೊ', 'ಎಯೊ'. ಇವುಗಳ ಜೊತೆಗೆ 'ಇಲ್ಲುದ್'ನಿಂದ ಬಂದ 'ಲೊ'.

ಇದರ ಫಲವನ್ನು ಸರಿಯಾಗಿ ಗಮನಿಸಬೇಕು. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಮೇಜು, ಅಂಗಿ, ಸೇಬು ಎಲ್ಲವೂ ನಪುಂಸಕವೇ. ಸ್ಪ್ಯಾನಿಷಿನಲ್ಲಿ ಪ್ರತಿ ವಸ್ತುವಿನ ಹೆಸರೂ ಪುಲ್ಲಿಂಗ ಇಲ್ಲವೇ ಸ್ತ್ರೀಲಿಂಗ. ಹಾಗಾಗಿ ಅಲ್ಲಿ ನಪುಂಸಕಕ್ಕೆ ಉಳಿಯುವುದು ಹೆಸರಿಡದ ವಿಷಯ ಮಾತ್ರ: ಒಂದು ಸಂಗತಿ, ಒಂದು ಅಂಶ, ಒಂದು ಗುಣ, ಹಿಂದೆ ಆಡಿದ ಒಂದು ಇಡೀ ಮಾತು. ನಮ್ಮ ನಪುಂಸಕ ವಸ್ತುಗಳ ಲಿಂಗ. ಅವರ ನಪುಂಸಕ ಹೆಸರಿಲ್ಲದವುಗಳ ಲಿಂಗ. 'ಲೊ'ಗೆ ಬಹುವಚನ ಇಲ್ಲದಿರುವುದೂ ಇದರಿಂದಲೇ. ಹೆಸರಿಲ್ಲದ್ದನ್ನು ಎಣಿಸಲು ಬರುವುದಿಲ್ಲ.

ಪರೀಕ್ಷೆಯೂ ಇದರಿಂದಲೇ ಸಿಗುತ್ತದೆ. ಕನ್ನಡದ 'ದು' ಬಾಯಿಗೆ ಬಂದಾಗ ಅದರ ಹಿಂದೆ ಒಂದು ನಾಮಪದ ಅಡಗಿದೆಯೇ ಎಂದು ಕೇಳಿಕೊಳ್ಳಿ. "ಕೆಂಪಗಿರೋದು" ಎಂದರೆ ಕೆಂಪು ಅಂಗಿ. ಅಂಗಿಗೆ 'ಕಾಮಿಸಾ', ಅದು ಸ್ತ್ರೀಲಿಂಗ, ಆದ್ದರಿಂದ 'ಲಾ ರೋಹಾ'. ಮಾತು ಕಾರಿನದಾಗಿದ್ದರೆ, 'ಕೋಚೆ' ಪುಲ್ಲಿಂಗವಾದ್ದರಿಂದ, 'ಎಲ್ ರೋಹೊ'. "ಒಳ್ಳೆಯದು ಅಂದರೆ ಚೌಕಾಸಿ ಇಲ್ಲ" ಎಂಬುದರ ಹಿಂದೆ ಯಾವ ನಾಮಪದವೂ ಇಲ್ಲ. ಹುಡುಕಿದರೂ 'ವಿಷಯ', 'ಸಂಗತಿ' ಎಂಬ ಟೊಳ್ಳು ಪದಗಳಷ್ಟೇ ಸಿಕ್ಕಾವು. ಅಲ್ಲಿ 'ಲೊ ಬ್ವೆನೊ'. ಒಳ್ಳೆಯವನು 'ಎಲ್ ಬ್ವೆನೊ', ಒಳ್ಳೆಯವಳು 'ಲಾ ಬ್ವೆನಾ', ಒಳ್ಳೆಯದು 'ಲೊ ಬ್ವೆನೊ' ಎಂಬ ಮೂರು ಸಾಲಿನ ಪಟ್ಟಿ ಕನ್ನಡಿಗರಿಗೆ ಮೊದಲ ದಿನವೇ ಹಿಡಿಸುತ್ತದೆ. ಆ ಮೂರನೆಯ ಸಾಲನ್ನು ವಸ್ತುಗಳಿಗೆ ಹಚ್ಚಬಾರದು ಎಂಬುದು ಮಾತ್ರ ಬಹಳ ತಡವಾಗಿ ತಿಳಿಯುತ್ತದೆ.

ಈಗ ನಮ್ಮ ತುಣುಕಿನ 'ಲೊ ಪೆಓರ್' ನೋಡಿ. 'ಅತ್ಯಂತ ಕೆಟ್ಟದ್ದು' ಎಂದರೆ ಯಾವುದೋ ಒಂದು ವಸ್ತುವಲ್ಲ, ಇಡೀ ಅನುಭವದಲ್ಲಿ ಕೆಟ್ಟದಾದ ಭಾಗ. 'ಲೊ' ಗುಣವಾಚಕದ ಜೊತೆ ಸೇರಿದಾಗ ಹೀಗೆ ಒಂದು ಭಾಗವನ್ನು ಬೇರ್ಪಡಿಸಿ ತೋರಿಸುವುದೇ ಹೆಚ್ಚು. ಇದರಿಂದಲೇ ಅದು ಗುಣವನ್ನು ಹೆಸರಿಸುವ ನಾಮಪದಕ್ಕಿಂತ ಬೇರೆ. 'ಲಾ ದಿಫಿಕುಲ್ತಾದ್ ದೆಲ್ ಎಕ್ಸಾಮೆನ್' ಎಂದರೆ ಪರೀಕ್ಷೆಯ ಕಠಿಣತೆ, ಅದು ಎಷ್ಟು ಕಷ್ಟ ಎಂಬ ಮಟ್ಟ. 'ಲೊ ದಿಫೀಸಿಲ್ ದೆಲ್ ಎಕ್ಸಾಮೆನ್' ಎಂದರೆ ಪರೀಕ್ಷೆಯಲ್ಲಿ ಯಾವುದು ಕಷ್ಟವೋ ಅದು. ಬಹುಶಃ ಕೊನೆಯ ಪ್ರಶ್ನೆ.

ಇಲ್ಲೊಂದು ಎಡವುವ ಕಲ್ಲಿದೆ. ಈ ಭಾಗವನ್ನು ಬಹುವಚನದ ನಾಮಪದದೊಡನೆ ಸಮೀಕರಿಸಿದರೆ ಕ್ರಿಯಾಪದ ಆ ನಾಮಪದದ ಕಡೆಗೆ ವಾಲುತ್ತದೆ: 'ಲೊ ಮೆಹೋರ್ ದೆ ಲಾ ಸ್ಯುದಾದ್ ಸೋನ್ ಲೊಸ್ ಪಾರ್ಕೆಸ್', ಈ ಊರಲ್ಲಿ ಬಹಳ ಚೆನ್ನಾಗಿರುವುದು ಉದ್ಯಾನಗಳು. 'ಲೊ' ಏಕವಚನ ಎಂದು 'ಎಸ್' ಹಾಕಿದರೆ ಕಿವಿಗೆ ಒಡೆಯುತ್ತದೆ.

ತುಣುಕಿನ ಮೊದಲ 'ಲೊ' ಗುಣವಾಚಕದ ಬದಲು 'ದೆ'ಯನ್ನು ಹಿಡಿದಿದೆ: 'ಲೊ ದೆ ಲಾ ಮುದಾನ್ಸಾ', ಆ ಮನೆ ಬದಲಿಸಿದ ವಿಚಾರ. ಹೀಗೆಯೇ 'ಲೊ ದೆ ಆಯೆರ್' ಎಂದರೆ ನಿನ್ನೆಯ ವಿಷಯ. ಇದರಲ್ಲಿ ಒಂದು ನಾಜೂಕಿದೆ. ಕೇಳುವವರಿಗೆ ವಿಷಯ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರ ಮುಂದೆ 'ಲೊ ದೆ ಆಯೆರ್' ಎಂದರೆ ಅವರು "ಯಾವುದು?" ಎಂದೇ ಕೇಳುತ್ತಾರೆ. ಹೆಸರು ಹೇಳದೆಯೇ ವಿಷಯವನ್ನು ಎತ್ತುವ ಈ ಗುಣದಿಂದಾಗಿ ಸಾವು, ಜಗಳ, ಕೆಲಸ ಹೋದದ್ದು ಮುಂತಾದ ಸೂಕ್ಷ್ಮ ಸಂಗತಿಗಳ ಸುತ್ತ 'ಲೊ ದೆ' ಹೆಚ್ಚು ಕೇಳಿಸುತ್ತದೆ. ಅರ್ಜೆಂಟೀನಾ, ಉರುಗ್ವೆಗಳಲ್ಲಿ ಇದಕ್ಕೆ ಮತ್ತೊಂದು ಅರ್ಥವೂ ಇದೆ: 'ಬೋಯ್ ಆ ಲೊ ದೆ ಮಾರ್ತಾ' ಎಂದರೆ ಮಾರ್ತಾಳ ಮನೆಗೆ ಹೊರಟಿದ್ದೇನೆ.

ನಾಮಪದ ಹುಡುಕುವ ಈ ಪರೀಕ್ಷೆ ಹೋಲಿಕೆಯ ವಾಕ್ಯಗಳಲ್ಲೂ ನಿಲ್ಲುತ್ತದೆ. 'ತ್ರಾಬಾಹೇ ಮಾಸ್ ದೆ ಲೊ ಕೆ ಎಸ್ಪೆರಾಬಾ' ಎಂದರೆ ಎಣಿಸಿದ್ದಕ್ಕಿಂತ ಹೆಚ್ಚು ದುಡಿದೆ. ಎಣಿಕೆಯ ಹಿಂದೆ ನಾಮಪದವಿಲ್ಲ, ಆದ್ದರಿಂದ 'ಲೊ'. 'ಕೊಂಪ್ರೇ ಮಾಸ್ ಕಾಹಾಸ್ ದೆ ಲಾಸ್ ಕೆ ನೆಸೆಸಿತಾಬಾ' ಎಂದರೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟಿಗೆ ಕೊಂಡೆ. ಇಲ್ಲಿ 'ಕಾಹಾಸ್' ಕಣ್ಣೆದುರೇ ಇದೆ, ಆದ್ದರಿಂದ 'ಲಾಸ್'. ಎರಡಕ್ಕೂ ಕನ್ನಡದಲ್ಲಿ ಒಂದೇ 'ದಕ್ಕಿಂತ' ಸಾಕಾಗುವುದರಿಂದ ಮುಂದುವರಿದ ವಿದ್ಯಾರ್ಥಿಗಳೂ ಎರಡನೆಯದರಲ್ಲಿ 'ಲೊ' ಬರೆಯುತ್ತಾರೆ.

'ಲೊ ಕೆ', 'ಲೊ ಕ್ವಾಲ್'

'ಲೊ ಕೆ ದೀಸೆಸ್' ಎಂದರೆ ನೀನು ಹೇಳುವುದು. 'ಲೊ ಕೆ ದಿಹೊ' ಎಂದರೆ ಅವನು ಹೇಳಿದ್ದು. ಇಲ್ಲಿ ಕನ್ನಡ ಪೂರ್ತಿ ಜೊತೆಗೆ ಬರುತ್ತದೆ. 'ಹೇಳುವ' ಎಂಬ ರೂಪಕ್ಕೆ 'ದು' ಅಂಟಿಸಿ ನಾವು ಮಾಡುವ ಕೆಲಸವನ್ನೇ ಸ್ಪ್ಯಾನಿಷ್ 'ಲೊ'ವನ್ನು ಮುಂದಿಟ್ಟು ಮಾಡುತ್ತದೆ. ತೊಡಕು ಬರುವುದು ಪ್ರಶ್ನಾರ್ಥಕ 'ಕೆ' ಪಕ್ಕಕ್ಕೆ ಬಂದು ನಿಂತಾಗ. ಬರವಣಿಗೆಯಲ್ಲಿ ಆ 'ಕೆ'ಯ ಮೇಲೆ ಒತ್ತಿನ ಗುರುತು ಇರುತ್ತದೆ. 'ಲೊ ಕೆ'ಯ 'ಕೆ'ಗೆ ಎಂದೂ ಇರುವುದಿಲ್ಲ.

'ಅವಳಿಗೆ ಏನು ಬೇಕೋ ಗೊತ್ತಿಲ್ಲ' ಎನ್ನಲು 'ನೊ ಸೇ ಕೆ ಕ್ಯೆರೆ' ಎನ್ನಬಹುದು, 'ನೊ ಸೇ ಲೊ ಕೆ ಕ್ಯೆರೆ' ಎಂದರೂ ನಡೆಯುತ್ತದೆ. 'ಗೊತ್ತು', 'ಕೇಳು' ಎಂಬಂಥ ಕ್ರಿಯಾಪದಗಳು ಪ್ರಶ್ನೆಯನ್ನೂ ತಾಳುತ್ತವೆ, ವಿಷಯವನ್ನೂ ತಾಳುತ್ತವೆ. 'ನಂಬು' ಪ್ರಶ್ನೆಯನ್ನು ತಾಳುವುದಿಲ್ಲ. ಆದ್ದರಿಂದ 'ನೀನು ಹೇಳುವುದನ್ನು ನಂಬುವುದಿಲ್ಲ' ಎನ್ನಲು 'ನೊ ಕ್ರೆಯೊ ಲೊ ಕೆ ದೀಸೆಸ್' ಒಂದೇ ದಾರಿ. 'ಏನು ಮಾಡಬೇಕೋ ಗೊತ್ತಿಲ್ಲ' ಎಂಬಲ್ಲಿ ಇದರ ತಿರುಗು ಮುರುಗು. ಕ್ರಿಯಾಪದ ಮೂಲರೂಪದಲ್ಲಿದ್ದರೆ 'ನೊ ಸೇ ಕೆ ಆಸೇರ್' ಮಾತ್ರ ಸರಿ, 'ಲೊ ಕೆ ಆಸೇರ್' ಎಂಬುದು ಇಲ್ಲವೇ ಇಲ್ಲ. ಇದಕ್ಕೆ ಕಾರಣವೂ ಇದೆ. 'ಲೊ ಕೆ' ಇರುವ ಅಥವಾ ಆಗುವ ಒಂದು ಸಂಗತಿಯನ್ನು ತೋರಿಸುತ್ತದೆ. 'ಏನು ಮಾಡಬೇಕು' ಎಂಬಲ್ಲಿ ತೋರಿಸಲು ಇನ್ನೂ ಏನೂ ಇಲ್ಲ, ಪ್ರಶ್ನೆಯಷ್ಟೇ ಇದೆ.

ಆ ಸಂಗತಿ ಯಾವುದೆಂದು ಇನ್ನೂ ನಿಗದಿಯಾಗದಿದ್ದರೆ ಕ್ರಿಯಾಪದ ಸಬ್‌ಜಂಕ್ಟಿವ್‌ಗೆ ಹೋಗುತ್ತದೆ. 'ಆಗೊ ಲೊ ಕೆ ಕ್ಯೆರೊ' ಎಂದರೆ ನನಗೆ ಬೇಕಾದದ್ದನ್ನು ಮಾಡುತ್ತೇನೆ. ಏನು ಬೇಕೆಂದು ನನಗೆ ಗೊತ್ತಿದೆ. 'ಆಸ್ ಲೊ ಕೆ ಕ್ಯೆರಾಸ್' ಎಂದರೆ ನಿನಗೆ ಏನು ಬೇಕೋ ಅದು ಮಾಡು; ಅದು ಏನೇ ಆಗಿರಲಿ. ಕನ್ನಡದಲ್ಲಿ 'ಬೇಕಾದದ್ದು' ಮತ್ತು 'ಏನು ಬೇಕೋ ಅದು' ಎಂಬುದರ ನಡುವೆ ಇರುವ ಅಂತರವೇ ಇಲ್ಲಿಯೂ ಇದೆ. 'ಏನು... ಓ ಅದು' ಎಂಬ ರೂಪ ಕನ್ನಡದಲ್ಲಿ ಹಿತವಾಗಿ ಕೂರುವ ಕಡೆ ಸ್ಪ್ಯಾನಿಷಿನಲ್ಲಿ ಸಬ್‌ಜಂಕ್ಟಿವ್ ಬರುವ ಸಾಧ್ಯತೆ ಹೆಚ್ಚು. ನಿಯಮವಲ್ಲ ಇದು, ಆದರೆ ಒಳ್ಳೆಯ ಸೂಚನೆ.

'ಮಿ ಎರ್ಮಾನೊ ನೊ ಬಿನೊ, ಲೊ ಕ್ವಾಲ್ ಮೆ ದೊಲಿಯೋ' ಎಂಬಲ್ಲಿ 'ಲೊ ಕ್ವಾಲ್' ತೋರಿಸುವುದು ಅಣ್ಣನನ್ನಲ್ಲ, ಅವನು ಬಾರದೇ ಇದ್ದದ್ದನ್ನು. 'ಲೊ' ಇಲ್ಲಿ ಹಿಂದಿನ ಇಡೀ ವಾಕ್ಯವನ್ನು ಎತ್ತಿಕೊಂಡಿದೆ. ಲಿಂಗ ಬದಲಿಸಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. 'ಬಿನೊ ಕೊನ್ ಸು ಪ್ರಿಮಾ, ಲೊ ಕ್ವಾಲ್ ಮೆ ಆಲೆಗ್ರೋ' ಎಂದರೆ ಅವನು ಸೋದರಸಂಬಂಧಿಯ ಜೊತೆ ಬಂದದ್ದು ಖುಷಿ ಕೊಟ್ಟಿತು. 'ಲೊ' ಬದಲು 'ಲಾ' ಇಟ್ಟರೆ ಖುಷಿ ಕೊಟ್ಟವಳು ಆ ಹುಡುಗಿ. 'ಲೊ ಕ್ವಾಲ್'ನ ಜಾಗದಲ್ಲಿ 'ಲೊ ಕೆ' ಕೂಡ ಬರಬಹುದು. ಆದರೆ 'ನೀನು ಹೇಳುವುದು' ಎಂಬ ಅರ್ಥದ 'ಲೊ ಕೆ'ಯ ಜಾಗಕ್ಕೆ 'ಲೊ ಕ್ವಾಲ್' ಬರಲಾರದು. ಅದಕ್ಕೆ ಹಿಂದೆ ಒಂದು ಮಾತು ಆಗಿರಲೇಬೇಕು, ಬರವಣಿಗೆಯಲ್ಲಿ ಅಲ್ಪವಿರಾಮವೂ ಇರಬೇಕು.

'ಲೊ ಪೆಸಾದಾಸ್': ಕನ್ನಡ ಕೈಬಿಡುವ ಜಾಗ

ಈಗ ತುಣುಕಿನ ಅತ್ಯಂತ ವಿಚಿತ್ರವಾದ 'ಲೊ'ಗೆ ಬರೋಣ: 'ಲೊ ಪೆಸಾದಾಸ್ ಕೆ ಎರಾನ್ ಲಾಸ್ ಕಾಹಾಸ್'. 'ಲೊ' ನಪುಂಸಕ ಏಕವಚನ. ಪಕ್ಕದಲ್ಲಿರುವ 'ಪೆಸಾದಾಸ್' ಸ್ತ್ರೀಲಿಂಗ ಬಹುವಚನ. ಒಂದಕ್ಕೊಂದು ಅಂಟಿ ಕೂತ ಎರಡು ಪದಗಳಿಗೆ ಹೊಂದಾಣಿಕೆಯೇ ಇಲ್ಲ. 'ಲೊ ಬ್ವೆನೊ'ದಲ್ಲಿ ಗುಣವಾಚಕ 'ಲೊ'ಗೆ ಹೊಂದಿಕೊಂಡು ಬದಲಾಗದೆ ನಿಂತಿತ್ತು. ಇಲ್ಲಿ ಅದು ದೂರದ 'ಕಾಹಾಸ್' ಜೊತೆ ಹೊಂದಿಕೊಂಡಿದೆ.

ಅರ್ಥವನ್ನು ಹಿಡಿದರೆ ಗಂಟು ಬಿಚ್ಚುತ್ತದೆ. ಈ 'ಲೊ'ಗೆ ಕನ್ನಡದಲ್ಲಿ 'ದು' ಸಾಲದು, 'ಎಷ್ಟು' ಬೇಕು. ಪೆಟ್ಟಿಗೆಗಳು ಎಷ್ಟು ಭಾರ ಇದ್ದವು ಎಂಬುದು. 'ಲೊ' ಇಲ್ಲಿ ಗುಣದ ಪ್ರಮಾಣವನ್ನು ಎತ್ತಿ ತೋರಿಸುತ್ತದೆ. ಗುಣವಾಚಕವಂತೂ ತಾನು ವರ್ಣಿಸುವ ನಾಮಪದದ ಸೇವೆಯಲ್ಲೇ ಇದೆ. 'ಪೆಟ್ಟಿಗೆಗಳು ಭಾರ ಇದ್ದವು' ಎಂಬ ಸಾದಾ ವಾಕ್ಯದಿಂದ 'ಪೆಸಾದಾಸ್' ಮುಂದಕ್ಕೆ ಜಿಗಿದು ಬಂದಿದೆ, ಲಿಂಗ ವಚನಗಳನ್ನು ಬಿಟ್ಟು ಬಂದಿಲ್ಲ. ಅದಕ್ಕೇ 'ನೊ ಸಾಬೆಸ್ ಲೊ ಕಾನ್ಸಾದಾ ಕೆ ಎಸ್ತೋಯ್' ಎಂದು ಹೆಣ್ಣು ಹೇಳಿದರೆ, ಅದನ್ನೇ ಗಂಡು 'ಲೊ ಕಾನ್ಸಾದೊ' ಎಂದು ಹೇಳುತ್ತಾನೆ: ನಾನು ಎಷ್ಟು ದಣಿದಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಕ್ರಿಯಾವಿಶೇಷಣವೂ ಈ ಚೌಕಟ್ಟಿನಲ್ಲಿ ಕೂರುತ್ತದೆ: 'ಲೊ ಬ್ಯೆನ್ ಕೆ ಕಾಂತಾ', ಅವಳು ಎಷ್ಟು ಚೆನ್ನಾಗಿ ಹಾಡುತ್ತಾಳೆ. ಕ್ರಿಯಾವಿಶೇಷಣಕ್ಕೆ ಲಿಂಗವಿಲ್ಲದ್ದರಿಂದ ಅಲ್ಲಿ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು 'ಲೊ ಪೆಸಾದೊ ಕೆ ಎರಾನ್ ಲಾಸ್ ಕಾಹಾಸ್' ಎಂದು 'ಲೊ ಬ್ವೆನೊ'ದ ಅಭ್ಯಾಸವನ್ನು ಇಲ್ಲಿಗೂ ತರುವುದು. ಎರಡನೆಯದು ಸಬ್‌ಜಂಕ್ಟಿವ್ ತರುವುದು. 'ಮೆ ಸೊರ್ಪ್ರೆಂದೆ ಕೆ ಸೆಆನ್ ಆಲ್ತಾಸ್', ಅವು ಎತ್ತರವಾಗಿರುವುದು ನನಗೆ ಆಶ್ಚರ್ಯ, ಎಂಬಲ್ಲಿ ಸಬ್‌ಜಂಕ್ಟಿವ್ ಕಡ್ಡಾಯ ಎಂದು ಕಲಿತವರು 'ಲೊ ಆಲ್ತಾಸ್ ಕೆ ಸೆಆನ್' ಎಂದೂ ಬರೆಯುತ್ತಾರೆ. ಸರಿಯಾದದ್ದು 'ಮೆ ಸೊರ್ಪ್ರೆಂದೆ ಲೊ ಆಲ್ತಾಸ್ ಕೆ ಸೋನ್'. ಆಶ್ಚರ್ಯಪಡಿಸುತ್ತಿರುವುದು ಆ ಎತ್ತರದ ಪ್ರಮಾಣ. ಅದು ಕಣ್ಣಿಗೆ ಕಂಡ ಸಂಗತಿ, ಅದನ್ನು ಹೇಳಲು ಇಂಡಿಕೇಟಿವ್ ಸಾಕು. ಪ್ರಮಾಣ ಎಷ್ಟೇ ಆಗಿರಲಿ ಎಂದು ತೆರೆದಿಟ್ಟಾಗ ಮಾತ್ರ ಸಬ್‌ಜಂಕ್ಟಿವ್ ಬರುತ್ತದೆ: 'ನೊ ಇಂಪೋರ್ತಾ ಲೊ ಕಾರೊ ಕೆ ಸೆಆ', ಎಷ್ಟೇ ದುಬಾರಿ ಇರಲಿ, ಪರವಾಗಿಲ್ಲ.

ಆರ್ಟಿಕಲ್ಲೋ ಸರ್ವನಾಮವೋ

'ಲೊ' ಯಾವ ಜಾತಿಯ ಪದ ಎಂಬ ವಾದ ಹಳೆಯದು. 1492ರಲ್ಲಿ ಆಂತೊನಿಯೊ ದೆ ನೆಬ್ರಿಹಾ ಬರೆದ ಕಾಸ್ತಿಲಿಯನ್ ವ್ಯಾಕರಣ ಇದನ್ನು 'ಎಲ್', 'ಲಾ' ಪಕ್ಕದಲ್ಲಿ ಮೂರನೆಯ ಆರ್ಟಿಕಲ್ ಎಂದು ಕೂರಿಸಿತು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ಬಾಳಿದ ಆಂದ್ರೇಸ್ ಬೆಯೊ 1847ರಲ್ಲಿ ಹೊರತಂದ ವ್ಯಾಕರಣದಲ್ಲಿ ಬೇರೆ ದಾರಿ ಹಿಡಿದರು. ಅವರ ಪ್ರಕಾರ 'ಎಲ್', 'ಲಾ', 'ಲೊ' ಎಲ್ಲವೂ 'ಅವನು', 'ಅವಳು', 'ಅದು' ಎಂಬ ಸರ್ವನಾಮಗಳ ಮೊಟಕು ರೂಪಗಳು. 'ಲೊ'ಗೆ ಪೂರ್ಣರೂಪ 'ಎಯೊ'. ಸ್ಪೇನಿನ ರಾಜ ಅಕಾಡೆಮಿ ಇತರ ದೇಶಗಳ ಅಕಾಡೆಮಿಗಳೊಡನೆ 2009ರಲ್ಲಿ ಪ್ರಕಟಿಸಿದ ಹೊಸ ವ್ಯಾಕರಣ ಇದನ್ನು ನಪುಂಸಕ ಆರ್ಟಿಕಲ್ ಎಂದೇ ಕರೆಯುತ್ತದೆ, ಸರ್ವನಾಮ ಎನ್ನುವವರ ವಾದವನ್ನೂ ಬದಿಗೆ ತಳ್ಳುವುದಿಲ್ಲ.

ಎರಡೂ ಕಡೆ ಹುರುಳಿದೆ. 'ಲೊ' ಒಂಟಿಯಾಗಿ ನಿಲ್ಲಲಾರದು, ಗುಣವಾಚಕಕ್ಕೋ 'ಕೆ'ಗೋ 'ದೆ'ಗೋ ಒರಗಿಯೇ ನಿಲ್ಲಬೇಕು. ಇದು ಆರ್ಟಿಕಲ್ ಗುಣ. ಆದರೆ ಆರ್ಟಿಕಲ್ ಎಂದ ಮೇಲೆ ಅದಕ್ಕೊಂದು ನಾಮಪದ ಬೇಕು. ಸ್ಪ್ಯಾನಿಷಿನಲ್ಲಿ ನಪುಂಸಕ ನಾಮಪದವೇ ಇಲ್ಲದಿರುವಾಗ 'ಲೊ'ಗೆ ಜೋಡಿ ಎಲ್ಲಿ? ನಾಮಪದದ ಕೆಲಸವನ್ನೂ ಅದೇ ಹೊತ್ತಿದೆ ಎನ್ನಬೇಕಾಗುತ್ತದೆ, ಅದು ಸರ್ವನಾಮದ ಗುಣ. 'ಎಸ್ತಾಸ್ ಕಾನ್ಸಾದಾ?' ಎಂದು ಕೇಳಿದರೆ 'ಸೀ, ಲೊ ಎಸ್ತೋಯ್' ಎಂಬ ಉತ್ತರ ಬರುತ್ತದೆ. ಇಲ್ಲಿ 'ಲೊ' ನಿಸ್ಸಂದೇಹವಾಗಿ ಸರ್ವನಾಮ. ಕೇಳಿಸಿಕೊಂಡವಳು ಹೆಣ್ಣಾದರೂ ಅದು 'ಲಾ' ಆಗುವುದಿಲ್ಲ, ಏಕೆಂದರೆ ಅದು ಎತ್ತಿಕೊಳ್ಳುವುದು ಅವಳನ್ನಲ್ಲ, 'ದಣಿದಿರುವುದು' ಎಂಬ ಸ್ಥಿತಿಯನ್ನು. ಕನ್ನಡದ ಮನಸ್ಸಿಗೆ ಬೆಯೊ ಹೇಳಿದ್ದೇ ಹತ್ತಿರ ಎಂದು ನನಗನಿಸುತ್ತದೆ. 'ಒಳ್ಳೆಯದು' ಎಂಬುದರ ಕೊನೆಯಲ್ಲಿ ನಮಗೂ 'ಅದು' ಕೇಳಿಸುತ್ತದಲ್ಲ. ಇಟಾಲಿಯನ್ ಕಲಿತವರು ಮಾತ್ರ ಎಚ್ಚರವಾಗಿರಬೇಕು. ಅಲ್ಲಿ 'ಲೊ ಸ್ತುದೆಂತೆ' ಎಂಬಲ್ಲಿ ಬರುವ 'ಲೊ' ಬರಿಯ ಪುಲ್ಲಿಂಗ ಆರ್ಟಿಕಲ್, ಮುಂದಿನ ಅಕ್ಷರದ ಉಚ್ಚಾರಣೆಗಾಗಿ ಬಂದದ್ದು.

'ಆ ಲೊ ಮೆಹೋರ್'

ಕೊನೆಯ 'ಲೊ' ಇನ್ನು ಬಿಡಿಸಲಾಗದಂತೆ ಹೆಪ್ಪುಗಟ್ಟಿದೆ. 'ಪೊರ್ ಲೊ ಮೆನೊಸ್' ಎಂದರೆ ಕಡೇಪಕ್ಷ, 'ಪೊರ್ ಲೊ ಬಿಸ್ತೊ' ಎಂದರೆ ನೋಡಿದರೆ ಹಾಗನಿಸುತ್ತದೆ, 'ಆ ಲೊ ಲೋಕೊ' ಎಂದರೆ ಹಿಂದುಮುಂದು ನೋಡದೆ. ಇವುಗಳ ಸಾಲಿನಲ್ಲಿ ಅತಿ ಹೆಚ್ಚು ಬಳಕೆಯಾಗುವುದು 'ಆ ಲೊ ಮೆಹೋರ್', ಬಹುಶಃ. 'ಮೆಹೋರ್' ಎಂದರೆ 'ಮೇಲು' ಎಂಬುದನ್ನು ಇಲ್ಲಿ ಮರೆತೇ ಬಿಡಬೇಕು. 'ಆ ಲೊ ಮೆಹೋರ್ ಎಸ್ತಾ ಎನ್ಫೆರ್ಮೊ' ಎಂದರೆ ಅವನಿಗೆ ಹುಷಾರಿಲ್ಲವೋ ಏನೋ. ಕೆಟ್ಟದ್ದಕ್ಕೂ ಅದು ಧಾರಾಳವಾಗಿ ಬರುತ್ತದೆ.

ಇದರ ಜೊತೆ ಬರುವ ಕ್ರಿಯಾಪದ ಇಂಡಿಕೇಟಿವ್‌ನಲ್ಲೇ ಇರಬೇಕು. 'ಕಿಸಾಸ್' ಎಂಬ ಇನ್ನೊಂದು 'ಬಹುಶಃ' ಕ್ರಿಯಾಪದದ ಮುಂದೆ ಬಂದಾಗ ಎರಡನ್ನೂ ಒಪ್ಪುತ್ತದೆ: 'ಕಿಸಾಸ್ ಬೆಂಗಾ', 'ಕಿಸಾಸ್ ಬ್ಯೆನೆ'. 'ಆ ಲೊ ಮೆಹೋರ್'ಗೆ 'ಬ್ಯೆನೆ' ಮಾತ್ರ. ಕನ್ನಡದಲ್ಲಿ 'ಬಹುಶಃ' ಎಂದ ಮೇಲೂ ನಾವು 'ಬರಬಹುದು' ಎಂದು ಕ್ರಿಯಾಪದದಲ್ಲಿ ಅನುಮಾನವನ್ನು ಮತ್ತೊಮ್ಮೆ ಹೇಳುತ್ತೇವೆ. ಆ ರೂಢಿ ನಮ್ಮನ್ನು 'ಬೆಂಗಾ' ಕಡೆಗೆ ಎಳೆಯುತ್ತದೆ. 'ಆ ಲೊ ಮೆಹೋರ್' ಅನುಮಾನದ ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ, ಕ್ರಿಯಾಪದಕ್ಕೆ ಏನನ್ನೂ ಉಳಿಸುವುದಿಲ್ಲ. ನಮ್ಮ ತುಣುಕಿನಲ್ಲೂ 'ಸೆ ಲೆ ಒಲ್ಬಿದೋ' ಎಂಬುದು ನೇರ ಭೂತಕಾಲ. ಇದು ಆಡುಮಾತಿನ ನುಡಿ ಎಂಬುದೂ ನೆನಪಿರಲಿ. ಅರ್ಜಿಯಲ್ಲೋ ಪ್ರಬಂಧದಲ್ಲೋ 'ಕಿಸಾಸ್' ಮೇಲು.

'ಲೊ' ಎಷ್ಟು ಹಿಡಿದಿದೆ ಎಂದು ತಿಳಿಯಬೇಕಾದರೆ ಒಂದು ವಾಕ್ಯವನ್ನು ಬಾಯಿಗೆ ತಂದುಕೊಳ್ಳಿ: 'ಆ ಲೊ ಮೆಹೋರ್ ಲೊ ಮೆಹೋರ್ ಎಸ್ ಎಸ್ಪೆರಾರ್'. ಬಹುಶಃ ಕಾಯುವುದೇ ಒಳ್ಳೆಯದು. ಅಕ್ಕಪಕ್ಕದ ಎರಡು 'ಲೊ ಮೆಹೋರ್'ಗಳಲ್ಲಿ ಮೊದಲನೆಯದು ಇಡಿಯಾಗಿ ನುಂಗಬೇಕಾದ ನುಡಿಗಟ್ಟು. ಎರಡನೆಯದು ಹೆಸರಿಲ್ಲದ ಒಂದು ಸಂಗತಿ, ನಮ್ಮ 'ಒಳ್ಳೆಯದು'. ಅಂಗಡಿಯ ಕೆಂಪು ಅಂಗಿಗೆ ಇವೆರಡರಲ್ಲೂ ಜಾಗವಿಲ್ಲ. ಅದಕ್ಕೆ ಹೆಸರಿದೆ, ಹೆಸರಿಗೆ ಲಿಂಗವಿದೆ, ಆದ್ದರಿಂದ ಅದು ಯಾವತ್ತೂ 'ಲಾ ರೋಹಾ'.